ಏಕಶಿಲೆಯ ಸೀಮೆಯಲ್ಲಿ ಎರಡು ಕಾಲಂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಬಸ್‌ಸ್ಟ್ಯಾಂಡಿಗೆ ಹೋದರೂ ಎದುರಿಗೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ರೆಸ್ಯೂಮು ಎಲ್ಲಕ್ಕೂ ಒಂದೇ ಕೈ. ಹಾಗಾಗಿ ನಮ್ಮ ಹುಡುಗರ ರೆಸ್ಯೂಮಿಗೆ ಲಗ್ನಪತ್ರಿಕೆಯ ಕಳೆ ತಾನಾಗಿಯೇ ಬಂದಿರುತ್ತದೆ. ದೇವರ ಹೆಸರೊಂದು ಕಡಿಮೆ.

ಪಾವಗಡದ ಅಕ್ಕನ ಮಗ ಐಟಿಐ ಎಲೆಕ್ಟ್ರಿಷಿಯನ್. ತಿರುಮಣಿ ಸೋಲಾರ್ ಪಾರ್ಕಿನಲ್ಲಿ ಎರಡು ವರ್ಷ ವೈರಿಂಗ್ ಮಾಡಿದವನು. ಅಂಗಡಿಯವರು ಅವನ ಹೆಸರು, ಫೋನ್ ನಂಬರನ್ನು ವರ್ಡ್ ಫೈಲಿನ ಹೆಡರ್‌ನಲ್ಲಿ ಮೆರೆಸಿದರು. ಕೆಳಗೆ ಗೆರೆ ಕಾಣದ ಟೇಬಲ್ ಹಾಕಿ ಎರಡು ಕಾಲಂ ಮಾಡಿದರು. ಎಡಕ್ಕೆ ಭಾಷೆ, ಹವ್ಯಾಸ. ಬಲಕ್ಕೆ ಅನುಭವ, ಅವಧಿ. ನೋಡಲು ಕಣ್ಣಿಗೆ ಹಬ್ಬ.

ಕಂಪನಿಯ ಪೋರ್ಟಲ್‌ಗೆ ಏರಿಸಿದೊಡನೆ ಅರ್ಜಿಯ ಖಾನೆಗಳು ತಾವೇ ತುಂಬಿಕೊಂಡವು. ಹೆಸರಿನ ಖಾನೆಯಲ್ಲಿ ‘ಭಾಷೆಗಳು ಅನುಭವ’. ಫೋನ್ ಖಾಲಿ. ಅನುಭವದ ಜಾಗದಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದರೆ, ‘ಕಬಡ್ಡಿ 2 ವರ್ಷ’.

“ಮಾವ, ನಾನು ವೈರ್ ಎಳೆದವನು, ಕಾಲು ಎಳೆದವನಲ್ಲ” ಎಂದ.

ತಪ್ಪು ರೆಸ್ಯೂಮು ಓದುವ ತಂತ್ರಾಂಶದ್ದೊಂದೇ ಅಲ್ಲ. .docx ಫೈಲು ಹೊರಗೆ ಒಂದು ಹಾಳೆ, ಒಳಗೆ ಕೂಡುಕುಟುಂಬ. ಮುಖ್ಯ ಬರಹ document.xml ಎಂಬ ಕೋಣೆಯಲ್ಲಿ, ಹೆಡರ್ header1.xml ಎಂಬ ಇನ್ನೊಂದರಲ್ಲಿ. ಕೆಲವು ತಂತ್ರಾಂಶಗಳು ಮೊದಲ ಕೋಣೆಯನ್ನಷ್ಟೇ ಇಣುಕಿ ಹೊರಡುತ್ತವೆ. ಟೇಬಲ್ ಸಿಕ್ಕರೆ ಸಾಲು ಸಾಲಾಗಿ ಎಡದಿಂದ ಬಲಕ್ಕೆ ಓದುತ್ತವೆ. ಎಡದ ಕಬಡ್ಡಿಯೂ ಬಲದ ಎರಡು ವರ್ಷವೂ ಒಂದೇ ಸಾಲಿನಲ್ಲಿ ಕೂತರೆ, ತಾಳಿ ಕಟ್ಟಿದಂತೆಯೇ.

ಪಿಡಿಎಫ್ ಮಾಡಿದರೆ ಸರಿಹೋಯಿತೆನ್ನಬೇಡಿ. ಅದರಲ್ಲಿ ಯಾವ ಅಕ್ಷರ ಪುಟದ ಎಲ್ಲಿದೆ ಎಂಬುದಿರುತ್ತದೆ. ಯಾವ ಕಾಲಂ ಮೊದಲು ಎಂಬುದನ್ನು ಹಲವು ಸಲ ಓದುವವನೇ ಊಹಿಸಬೇಕು. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಫೋಟೋ. ಅದರಲ್ಲಿ ಅಕ್ಷರವೇ ಇಲ್ಲ.

ಪರೀಕ್ಷೆಗೆ ಕಾಸು ಬೇಡ. ರೆಸ್ಯೂಮು ತೆರೆದು Ctrl+A, Ctrl+C ಒತ್ತಿ, Notepadನಲ್ಲಿ Ctrl+V ಮಾಡಿ. ವರ್ಡ್‌ನ ಹೆಡರ್ ಅಲ್ಲಿಗೆ ಬರುವುದೇ ಇಲ್ಲ. ನಾವು ಮಾಡಿದಾಗಲೂ ಹುಡುಗನ ಹೆಸರೇ ನಾಪತ್ತೆ. ಕಬಡ್ಡಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಇಲ್ಲಿ ಪಾಸಾದ ಫೈಲು ಎಲ್ಲ ಕಡೆ ಪಾಸಾಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ತಾನಾಗಿ ತುಂಬಿಕೊಂಡ ಖಾನೆಗಳನ್ನು ಸಲ್ಲಿಸುವ ಮುನ್ನ ಒಂದೊಂದಾಗಿ ತಿದ್ದಲೇಬೇಕು.

ಹೆಸರನ್ನು ಹೆಡರ್‌ನಿಂದ ಇಳಿಸಿ, ಟೇಬಲ್ ಕಿತ್ತು, ಎಲ್ಲವನ್ನೂ ಮೇಲಿಂದ ಕೆಳಕ್ಕೆ ಒಂದೇ ಕಾಲಂನಲ್ಲಿ ಬರೆದುಕೊಂಡು ಅಂಗಡಿಗೆ ಹೋದೆವು.

“ಡಿಸೈನೇ ಇಲ್ವಲ್ಲ ಸಾರ್, ಬೋಳುಬೋಳಾಗಿದೆ” ಎಂದರು ಅಂಗಡಿಯವರು.

“ಮಧುಗಿರಿ ಬೆಟ್ಟಕ್ಕೆ ಯಾರು ಸ್ವಾಮಿ ಬಾರ್ಡರ್ ಹಾಕಿದ್ದು?” ಎಂದೆ. “ಒಂದೇ ಕಲ್ಲು. ಶಿರಾ ರಸ್ತೆಯಿಂದಲೂ ಗುರುತು ಸಿಗಲ್ವೆ?”