ಅವಿರತ ಶ್ರಮಕ್ಕೆ ಎಷ್ಟು ಲೀಟರ್?

ಮಾರ್ಚ್ 31 ಕಳೆಯಿತೆಂದರೆ ಚಾಮರಾಜನಗರದ ಜಿಲ್ಲಾಡಳಿತ ಭವನದಿಂದ ಗುಂಡ್ಲುಪೇಟೆಯ ಕಟ್ಟಕಡೆಯ ಗ್ರಾಮ ಪಂಚಾಯಿತಿಯವರೆಗೆ ಎಲ್ಲರೂ ಸಾಹಿತಿಗಳು. ಒಂದು ಅರ್ಜಿಗೆ ನೆಟ್ಟಗೆ ಹಿಂಬರಹ ಕೊಡಲು ವರ್ಷವಿಡೀ ಪದ ಸಿಗದವರಿಗೆ ಸ್ವಂತ ಕಾರ್ಯನಿರ್ವಹಣಾ ವರದಿ ಬರೆಯುವಾಗ ಪದಗಳು ಉಕ್ಕುತ್ತವೆ. ‘ಅವಿರತ ಶ್ರಮ’. ‘ನಿಷ್ಠೆ ಹಾಗೂ ಪ್ರಾಮಾಣಿಕತೆ’. ‘ಮೇಲಧಿಕಾರಿಗಳ ಅಮೂಲ್ಯ ಮಾರ್ಗದರ್ಶನ’.

ತಾನು ಪ್ರಾಮಾಣಿಕ ಎಂದು ತಾನೇ ಬರೆದು, ತಾನೇ ಸಹಿ ಹಾಕುವುದು. ಇಂಥ ಅನುಕೂಲ ಕಟಕಟೆಯಲ್ಲಿ ನಿಂತ ಕಳ್ಳನಿಗೂ ಇಲ್ಲ.

ಒಬ್ಬ ಪಿಡಿಒ ಬರೆದ ಸಿಆರ್ ನೋಡಿ. ಊರೂ ಅಂಕಿಯೂ ನನ್ನ ಕಲ್ಪನೆ. ಭಾಷೆ ಮಾತ್ರ ಕಲ್ಪನೆಯಲ್ಲ. ‘ಜಲ ಜೀವನ್ ಮಿಷನ್ ಅಡಿ ಹಗಲಿರುಳು ಶ್ರಮಿಸಿ 300 ಮನೆಗಳಿಗೂ ನಲ್ಲಿ ಸಂಪರ್ಕ ಕಲ್ಪಿಸಿ ಶೇ 100 ಸಾಧನೆ ಮಾಡಿರುತ್ತೇನೆ. 22 ಸಭೆಗಳಿಗೆ ತಪ್ಪದೆ ಹಾಜರಾಗಿರುತ್ತೇನೆ.’ ಜೊತೆಗೆ ಒಂದು ಫೋಟೊ. ಉದ್ಘಾಟನೆಯ ದಿನ ನಲ್ಲಿಯಲ್ಲಿ ನೀರು ಸುರಿಯುತ್ತಿದೆ. ಮರುದಿನದ ಫೋಟೊ ಯಾರೂ ತೆಗೆದಿಲ್ಲ.

ಅದೇ ಬೀದಿಯ ಅಜ್ಜಿಯನ್ನು ಕೇಳಿ. ‘ನಲ್ಲಿ ಮಡಗವ್ರೆ ಕಣಪ್ಪ, ನೀರ ಎಲ್ಲಿ ಮಡಗವ್ರೆ?’ ಇಡೀ ತಾಲ್ಲೂಕಿನ ಸಿಆರ್ ಅನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದಳು.

2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆ ಕೊಟ್ಟ ಮಾತು ನಲ್ಲಿಯಷ್ಟೇ ಅಲ್ಲ. ತಲೆಗೆ ದಿನಕ್ಕೆ 55 ಲೀಟರ್ ನೀರು. 300 ಮನೆ ಎಂದರೆ ಸುಮಾರು 1,200 ಜನ. ದಿನಕ್ಕೆ 66,000 ಲೀಟರ್ ಬೇಕು. ಊರಿನ ಓವರ್‌ಹೆಡ್ ಟ್ಯಾಂಕ್ ಹಿಡಿಯುವುದು 50,000. ದಿನಕ್ಕೊಮ್ಮೆ ತುಂಬಿದರೆ ತಲೆಗೆ 42 ಲೀಟರ್. ದಿನ ಬಿಟ್ಟು ದಿನ ತುಂಬಿದರೆ 21. ಹಾಗಾದರೆ ಶೇ 100 ಏನು? ಪೈಪು ಹೂತದ್ದು. ಪೈಪು ಹೂಳುವುದು ಕೆಲಸ, ನೀರು ಬರುವುದು ಫಲ. ಸಭೆಗೆ ಹೋದದ್ದು ಎರಡೂ ಅಲ್ಲ, ಪ್ರಯಾಣ ಭತ್ಯೆ.

ಲೀಟರ್ ಲೆಕ್ಕಕ್ಕೆ ಸಾಕ್ಷ್ಯ ಎಲ್ಲಿಂದ ತರಲಿ ಎಂದು ಸಾಹೇಬರು ಗೋಳಾಡುತ್ತಾರೆ. ಪಂಚಾಯಿತಿಯ ಬೀರುವಿನಲ್ಲೇ ಇದೆ. ನೀರುಗಂಟಿ ಬರೆಯಬೇಕಾದ ಪಂಪಿನ ಲಾಗ್ ಬುಕ್ ಇದೆ. ಗಂಟೆಗೆ 10,000 ಲೀಟರ್ ಎತ್ತುವ ಮೋಟಾರ್ ಐದು ಗಂಟೆ ಓಡಿದರೆ ಟ್ಯಾಂಕ್ ಭರ್ತಿ.

ಆದರೆ ಆ ಪುಸ್ತಕವನ್ನೂ ನಂಬಬೇಡಿ. ತಿಂಗಳಿಡೀ ‘ಬೆಳಿಗ್ಗೆ 6ರಿಂದ 11’ ಎಂದು ಒಂದೇ ಶಾಯಿ, ಒಂದೇ ಓರೆ ಅಕ್ಷರ ಇದ್ದರೆ, ಲೈನ್ ಹೋದ ದಿನವೂ ಪಂಪು ಐದು ಗಂಟೆ ಓಡಿದ್ದರೆ, ಅದನ್ನು ಒಂದೇ ಸಂಜೆ ಕೂತು ತುಂಬಿಸಿದ್ದಾರೆ. ಪಕ್ಕದಲ್ಲಿ ಸೆಸ್ಕ್‌ನ ವಿದ್ಯುತ್ ಬಿಲ್ ಇಡಿ. ಹತ್ತು ಎಚ್‌ಪಿ ಮೋಟಾರ್ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ ಕಡಿಮೆಯೆಂದರೂ 1,100 ಯೂನಿಟ್ ಆಗಬೇಕು. ಬಿಲ್ಲಿನಲ್ಲಿ 500 ಇದೆಯೇ? ಮೀಟರಿಗೆ ಬಡ್ತಿಯ ಆಸೆ ಇಲ್ಲ. ಅದು ನಿಜ ಹೇಳುತ್ತದೆ.

ಗಂಟೆ ಸರಿಯಿದ್ದರೂ ನೀರು ಸರಿಯಿರಬೇಕೆಂದಿಲ್ಲ. ಬೇಸಿಗೆಯಲ್ಲಿ ಕೊಳವೆಬಾವಿ ಸೊರಗುತ್ತದೆ, ಮೋಟಾರ್ ಮಾತ್ರ ಓಡುತ್ತಲೇ ಇರುತ್ತದೆ. 200 ಲೀಟರಿನ ಡ್ರಮ್ ಹಿಡಿಯಿರಿ. 72 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 10,000 ಲೀಟರ್. 100 ಸೆಕೆಂಡ್ ಹಿಡಿದರೆ 7,200. ಆಮೇಲೆ ಪೈಪಿನ ಕೊನೆಯ ಮನೆಯಲ್ಲೊಂದು ಬಿಂದಿಗೆ ಹಿಡಿಯಿರಿ. ಟ್ಯಾಂಕಿನ ಪಕ್ಕದ ಮನೆಯಲ್ಲಲ್ಲ. ಆ ಮನೆಗೆ ಎಂದೂ ನೀರಿನ ಬರ ಬಂದಿಲ್ಲ. ಅಲ್ಲಿ ಸದಸ್ಯರಿರುತ್ತಾರೆ.

ಇನ್ನು ದೊಡ್ಡ ಸುಳ್ಳಿಗೆ ಬರೋಣ. ಆ ಪಿಡಿಒ ವರದಿ ಬರೆದ ವರ್ಷ ಟ್ಯಾಂಕರ್ ಬಿಲ್ ಅರ್ಧಕ್ಕಿಳಿದಿದೆ. ‘ನನ್ನ ದಕ್ಷತೆಯಿಂದ’ ಎನ್ನುತ್ತದೆ ವರದಿ. ಸ್ವಾಮಿ, ಆ ವರ್ಷ ಮಳೆ ಬಂದಿತ್ತು. ಕಬಿನಿಯ ನೀರು ತಂದು ಊರ ಮುಂದಿನ ಕೆರೆಗೆ ತುಂಬಿಸಿದ್ದರು. ಬತ್ತಿದ ಬಾವಿ ಮರುಜೀವ ಪಡೆದದ್ದು ಅದರಿಂದ. ಮೋಡಕ್ಕೂ ಕಬಿನಿಗೂ ಸಿಆರ್ ಬರೆಯುವ ಪದ್ಧತಿ ಇಲ್ಲವೆಂದು ಅವರ ಸಾಧನೆಯನ್ನು ನೀವು ಬರೆದುಕೊಳ್ಳುವುದೇ?

ಈ ತರ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂದು ವರ್ಷಗಟ್ಟಲೆ ನಂಬಿದ್ದರು. ಬಂದರು, ಹೋದರು, ಆದ್ದರಿಂದ ಬಂದದ್ದಕ್ಕೇ ಹೋದರು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಕೂತರು. ಆ ಮೂಢನಂಬಿಕೆಗೆ ನಕ್ಕ ಅಧಿಕಾರಿಗಳೇ ‘ನಾನು ಬಂದೆ, ಆಮೇಲೆ ಕೆರೆ ತುಂಬಿತು’ ಎಂದು ಬರೆದು ಸಹಿ ಹಾಕುತ್ತಾರೆ.

ಅಕ್ಕಪಕ್ಕದ ಪಂಚಾಯಿತಿಗಳ ಟ್ಯಾಂಕರ್ ಬಿಲ್ ನೋಡಿದರೆ ಬಣ್ಣ ಬಯಲಾಗುತ್ತದೆ. ಅದೇ ಮಳೆ ಅಲ್ಲಿಯೂ ಬಿದ್ದಿದೆ. ಅಲ್ಲೂ ಅರ್ಧಕ್ಕಿಳಿದಿದ್ದರೆ ನಿಮ್ಮ ದಕ್ಷತೆ ಸೊನ್ನೆ. ಅಲ್ಲಿ ಕಾಲುಭಾಗ ಮಾತ್ರ ಇಳಿದಿದ್ದರೆ, ಉಳಿದದ್ದರ ಬಗ್ಗೆ ಮಾತಾಡೋಣ.

ಹಾಗಾದರೆ ನೆಟ್ಟಗಿನ ವರದಿ ಹೇಗಿರಬೇಕು? ಹೀಗೆ: ‘ಕಳೆದ ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ನೀರು, ತಲೆಗೆ 21 ಲೀಟರ್. ಈ ಮಾರ್ಚ್‌ನಲ್ಲಿ ಪ್ರತಿದಿನ, 42 ಲೀಟರ್. 55 ಮುಟ್ಟಿಲ್ಲ. ಎರಡನೇ ಕೊಳವೆಬಾವಿಗೆ ಮೋಟಾರ್ ಕೂರಿಸುವುದು ಬಾಕಿ. ನಾನು ಮಾಡಿಸಿದ್ದು ಸುಟ್ಟ ಮೋಟಾರಿನ ರಿಪೇರಿ ಮತ್ತು ಸೋರುವ ವಾಲ್ವ್ ಬದಲಾವಣೆ. ಕೆರೆ ತುಂಬಿದ್ದು ನನ್ನಿಂದಲ್ಲ. ಲಾಗ್ ಬುಕ್, ವಿದ್ಯುತ್ ಬಿಲ್, ಎರಡು ಬೇಸಿಗೆಯ ಟ್ಯಾಂಕರ್ ಬಿಲ್ ಲಗತ್ತಿಸಿದೆ.’ ಮುಗಿಯಿತು. ಹೊಗಳಿಕೆಯ ಒಂದೇ ಒಂದು ವಿಶೇಷಣವಿಲ್ಲ. ನೀರನ್ನು ಎರಡು ಪಟ್ಟು ಮಾಡಿದವನಿಗೆ ಅದರ ಅಗತ್ಯವೂ ಇಲ್ಲ.

ಇಂಥದ್ದನ್ನು ಬರೆದವನ ಗತಿ ಏನು? ತಾಲ್ಲೂಕು ಪಂಚಾಯಿತಿಯ ಸಾಹೇಬರು ಆಗಲೇ ‘ಶೇ 100’ ಎಂದು ಮೇಲೆ ಕಳಿಸಿದ್ದಾರೆ. ಅದನ್ನು ನಂಬಿ ಇನ್ನೂ ಮೇಲಿನವರು ‘ಗಣನೀಯ ಸಾಧನೆ’ ಎಂದಿದ್ದಾರೆ. ಕೆಳಗಿನವನು 42 ಎಂಬ ಸಂಖ್ಯೆ ಬರೆದರೆ ಮೇಲಿನವರೆಲ್ಲರ ವಿಶೇಷಣ ಒಡೆಯುತ್ತದೆ. ಅದಕ್ಕೇ ಅವನನ್ನು ಕರೆದು ಹೇಳುತ್ತಾರೆ: ‘ಇದೆಲ್ಲಾ ಯಾಕ್ರೀ? ಎಲ್ಲರೂ ಬರೆದ ಹಾಗೆ ಬರೀರಿ.’

ದರ್ಜೆಯ ಕಥೆಯೂ ಅಷ್ಟೇ. ದೇವ್ ದತ್ ಎಂಬ ಎಂಜಿನಿಯರ್‌ಗೆ ಒಂದು ವರ್ಷ ‘ಉತ್ತಮ’ ಎಂದು ಬರೆದರು. ಬಡ್ತಿಗೆ ಐದು ವರ್ಷವೂ ‘ಬಹಳ ಉತ್ತಮ’ ಬೇಕಿತ್ತು. ಬಡ್ತಿ ತಪ್ಪಿತು. ‘ಉತ್ತಮ’ ಎಂದು ಬರೆದಿದ್ದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಅಂಥಲ್ಲಿ ‘ಉತ್ತಮ’ವೂ ಪ್ರತಿಕೂಲವೇ, ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಒಳ್ಳೆಯವನು ಎಂದರೆ ಕೆಟ್ಟವನು ಎಂಬ ಅರ್ಥ ಬರುವ ವ್ಯವಸ್ಥೆಯಲ್ಲಿ ಎಲ್ಲರೂ ಮಹಾತ್ಮರಾಗದೆ ಇನ್ನೇನಾದಾರು?

ಸಾಹೇಬರ ಸಿಆರ್ ನಿಮಗೆ ಸಿಗುವುದಿಲ್ಲ. ನೌಕರನ ಕಾರ್ಯನಿರ್ವಹಣೆ ವೈಯಕ್ತಿಕ ಮಾಹಿತಿ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಸಿಗದಿದ್ದರೆ ನಷ್ಟವೂ ಇಲ್ಲ. ಅದರಲ್ಲಿರುವುದು ಕಾವ್ಯ. ಟ್ಯಾಂಕರ್ ಬಿಲ್, ವಿದ್ಯುತ್ ಬಿಲ್, ಲಾಗ್ ಬುಕ್ ಯಾರ ವೈಯಕ್ತಿಕ ಆಸ್ತಿಯೂ ಅಲ್ಲ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ನಿಮ್ಮ ಪ್ರಶ್ನೆ 150 ಪದ ಮೀರುವಂತಿಲ್ಲ. ಚಿಂತೆಯಿಲ್ಲ, ಮೂರು ದಾಖಲೆಗಳ ಹೆಸರು ಬರೆಯಲು ಅಷ್ಟು ಬೇಕಾಗುವುದಿಲ್ಲ.