ಮೊಮ್ಮಗಳ ಬಾಯಿಂದ ಆಸ್ಪತ್ರೆ ಸೇರುವ ಕ್ರಮ

ಮಗ ನಿಮ್ಮನ್ನು ನ್ಯೂಜೆರ್ಸಿಯ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋಗುತ್ತಾನೆ. ಅವನಿಗೆ ಕಾಯಬೇಡಿ. ಹತ್ತು ವರ್ಷದ ಮೊಮ್ಮಗಳು ಜೊತೆಗಿದ್ದಾಳೆ. ಅವಳಿಗೆ ಇಂಗ್ಲಿಷ್ ಪೂರ್ತಿ ಬರುತ್ತದೆ, ಊಟ ತಿಂಡಿಗೆ ಆಗುವಷ್ಟು ಕನ್ನಡವೂ ಬರುತ್ತದೆ. ತೋಳಿನ ಗಂಟು ತೆಗೆಸಿಕೊಳ್ಳಲು ಅಷ್ಟು ಧಾರಾಳ. ಕಂಬದ ಮೇಲಿನ ಪರದೆಯ ಮುಂದೆ ಹೋಗಿ ನಿಲ್ಲಿ.

ಹೆಜ್ಜೆ 1: ಹುಟ್ಟಿದ ದಿನವನ್ನು ನಮ್ಮೂರಿನ ಕ್ರಮದಲ್ಲೇ ಹೇಳಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ದಯಪಾಲಿಸಿ, ಮುಂದೆ ಪಾಸ್‌ಪೋರ್ಟಿಗೂ ಏರಿದ ತಾರೀಖು ಅದು: ಐದು, ಎಂಟು, 1951. ಪರದೆ ಕೇಳುತ್ತಿರುವುದು MM/DD/YYYY, ಅಂದರೆ ತಿಂಗಳು ಮೊದಲು. ನೀವು ಹೇಳಿದ್ದನ್ನು ಹುಡುಗಿ ಹಾಗೇ ಒತ್ತುತ್ತಾಳೆ. ಆಗಸ್ಟ್ 5 ಸದ್ದಿಲ್ಲದೆ ಮೇ 8 ಆಗುತ್ತದೆ. ಮೇಷ್ಟ್ರು 25 ಎಂದು ಬರೆದಿದ್ದರೆ, ಇಪ್ಪತ್ತೈದನೇ ತಿಂಗಳು ಎಲ್ಲಿದೆ ಎಂದು ಯಂತ್ರ ಅಲ್ಲೇ ತಕರಾರು ತೆಗೆಯುತ್ತಿತ್ತು. ಹನ್ನೆರಡರೊಳಗಿನ ತಾರೀಖಿಗೆ ಆ ಭಯವಿಲ್ಲ.

"ಅಜ್ಜಿ, ನೀನು ಇಲ್ವಂತೆ," ಎನ್ನುತ್ತಾಳೆ ಮೊಮ್ಮಗಳು.

ಗಾಬರಿಯಾಗಬೇಡಿ. ಕನ್ನಡಕ ಹುಡುಕಿ. ಚೀಲದ ತಳದಲ್ಲಿರುತ್ತದೆ, ನಿಧಾನವಾಗಿ ಹುಡುಕಿ. ಅಷ್ಟರಲ್ಲಿ ಯಂತ್ರ ನೀವು ಹೊರಟುಹೋದಿರೆಂದು ತಿಳಿದು, ನಿಮ್ಮ ಗುಟ್ಟು ಹಿಂದೆ ನಿಂತವರ ಕಣ್ಣಿಗೆ ಬೀಳದಿರಲೆಂದು ಎಲ್ಲ ಅಳಿಸುತ್ತದೆ. ಪಾಸ್‌ಪೋರ್ಟ್ ಹಿಡಿದು, ಮೊದಲಿನಿಂದ ಶುರು ಮಾಡಿ.

ಹೆಜ್ಜೆ 2: ದುಭಾಷಿ ಬೇಕೇ ಎಂಬ ಪ್ರಶ್ನೆಗೆ 'ಬೇಡ' ಒತ್ತಿಸಿ. ಇಡೀ ಕೈಪಿಡಿ ನಿಂತಿರುವುದು ಈ ಒಂದು ಗುಂಡಿಯ ಮೇಲೆ. 'ಬೇಕು' ಎಂದರೆ ಕೆಲಸ ಕೆಟ್ಟಿತು. ಫೋನಿನಲ್ಲೋ ವಿಡಿಯೊದಲ್ಲೋ ಕನ್ನಡ ಬಲ್ಲವರೊಬ್ಬರನ್ನು ಹುಡುಕಿ ತರುತ್ತಾರೆ, ಅದಕ್ಕೆ ನಿಮ್ಮಿಂದ ಒಂದು ಡಾಲರೂ ಕೇಳುವುದಿಲ್ಲ. ಹಾಗೆಂದು ಗೋಡೆಯ ಮೇಲೆ ಹಲವು ಭಾಷೆಗಳಲ್ಲಿ ಬರೆದು ಹಾಕಿರುತ್ತಾರೆ, ಆ ಕಡೆ ನೋಡಬೇಡಿ. ಅಮೆರಿಕದ 2010ರ ಆರೋಗ್ಯ ಕಾಯ್ದೆಯಡಿ 2016ರಿಂದ ಇರುವ ನಿಯಮವಂತೂ, ಯಾರದಾದರೂ ಸುರಕ್ಷತೆಗೆ ತಕ್ಷಣದ ಅಪಾಯವಿದ್ದು ಬೇರೆ ದುಭಾಷಿ ಸಿಗದ ಹೊತ್ತೊಂದನ್ನು ಬಿಟ್ಟರೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಚಿಕ್ಕ ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬಾರದು ಎನ್ನುತ್ತದೆ. ಅದು ಆಸ್ಪತ್ರೆಗೆ ಹಾಕಿದ ಕಟ್ಟು. ಮನೆಯ ಮಗುವನ್ನು ನೀವೇ ಮುಂದೆ ನಿಲ್ಲಿಸಿದರೆ ಯಂತ್ರ ತಡೆಯುವುದಿಲ್ಲ.

ಹೆಜ್ಜೆ 3: ಮಾತ್ರೆಗಳ ವಿಷಯಕ್ಕೆ ಹುಡುಗಿಯ ಕನ್ನಡವನ್ನೇ ನಂಬಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುತ್ತೀರಾ ಎಂದು ಪರದೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಅದು 'ಬ್ಲಡ್ ಥಿನ್ನರ್'.

"ಅಜ್ಜಿ, ತೆಳ್ಳಗಾಗಕ್ಕೆ ಮಾತ್ರೆ ತಗೋತೀಯಾ?"

"ಅಯ್ಯೋ, ನನಗ್ಯಾಕಮ್ಮ ಈ ವಯಸ್ಸಲ್ಲಿ ಅದೆಲ್ಲ!"

'ಇಲ್ಲ' ಒತ್ತಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ದಿನಾ ರಾತ್ರಿ ನುಂಗುವ ಕ್ಲೋಪಿಡೊಗ್ರೆಲ್ ಮಾತ್ರೆಯ ಚೀಟಿ ಚೀಲದಲ್ಲೇ ಇದೆ, ಕನ್ನಡಕದ ಪಕ್ಕದಲ್ಲಿ. ಅದನ್ನು ಹೊರಗೆ ತೆಗೆಯಬೇಡಿ. ಗಂಟು ಕತ್ತರಿಸುವಾಗ ರಕ್ತ ಬೇಗ ನಿಲ್ಲದಿದ್ದರೆ ಡಾಕ್ಟರಿಗೆ ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 4: ಮಗುವಿನ ಮುಂದೆ ಮಾನ ಕಾಪಾಡಿಕೊಳ್ಳಿ. ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದೀರಾ ಎಂದು ಯಂತ್ರ ಕೇಳುತ್ತದೆ. ಹೋದ ತಿಂಗಳು ಸ್ನಾನದ ತೊಟ್ಟಿಯಲ್ಲಿ ಜಾರಿದ್ದು, ಸೊಂಟಕ್ಕೆ ಎರಡು ದಿನ ಹರಳೆಣ್ಣೆ ತಿಕ್ಕಿಕೊಂಡದ್ದು ನಿಮಗೊಬ್ಬರಿಗೇ ಗೊತ್ತು. ಹುಡುಗಿಗೆ ಹೇಳಿದರೆ ಸಂಜೆಯೊಳಗೆ ಅವಳಪ್ಪನಿಗೆ ತಲುಪುತ್ತದೆ. 'ಇಲ್ಲ' ಒತ್ತಿಸಿ.

ಮುಂದಿನದು, ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತೇ ಎಂಬ ಪ್ರಶ್ನೆ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾ ಎಂದು ನಾಲ್ಕು ಉತ್ತರಗಳಿವೆ.

"ಅಜ್ಜಿ, ನಮ್ಮನೇಲಿ ನಿಂಗೆ ಬೇಜಾರಾ?"

ಅವಳ ಮುಖ ನೋಡಿ. ಕೆನ್ನೆ ಸವರಿ. "ನೀನಿರೋವಾಗ ಎಂಥ ಬೇಜಾರೇ," ಎನ್ನಿ. ಮೊದಲನೇ ಉತ್ತರವನ್ನು ಅವಳೇ ಒತ್ತುತ್ತಾಳೆ.

ಇಲ್ಲಿಗೆ ಕೆಲಸ ಮುಗಿಯಿತು. ಒಂದೇ ಎಚ್ಚರಿಕೆ: ಒಳಗೆ ಕೆಲವು ನರ್ಸ್‌ಗಳು ಹುಡುಗಿಯನ್ನು ನೋಡಿದ ಕೂಡಲೇ ಅವಳನ್ನು ಅಪ್ಪನ ಹತ್ತಿರ ಕಳಿಸಿ, ಸ್ಪೀಕರ್ ಹಾಕಿದ ಫೋನೊಂದನ್ನು ನಿಮ್ಮ ಮುಂದಿಡುತ್ತಾರೆ. ಅದರೊಳಗಿಂದ ಗುರುತಿಲ್ಲದ ಹೆಂಗಸೊಬ್ಬಳು, "ನಮಸ್ಕಾರ ಅಮ್ಮ, ಎಲ್ಲಾದರೂ ಬಿದ್ದಿದ್ರಾ?" ಎಂದು ಕೇಳುತ್ತಾಳೆ. ತುಟಿ ಬಿಗಿಹಿಡಿಯಿರಿ. ಅವಳು ನಿಮ್ಮ ಮಗನನ್ನು ಕಂಡವಳಲ್ಲ, ಸೊಸೆಯನ್ನು ಬಲ್ಲವಳಲ್ಲ, ಅವಸರವೂ ಇಲ್ಲದವಳು. ಒಂದು ಸಲ "ಹೂಂ ಕಣಮ್ಮ" ಎಂದಿರೋ, ಸ್ನಾನದ ತೊಟ್ಟಿಯಿಂದ ಹಿಡಿದು ರಾತ್ರಿಯ ಮಾತ್ರೆಯವರೆಗೆ ಎಲ್ಲವೂ ಹೊರಗೆ ಬಂದುಬಿಡುತ್ತದೆ.