ಜೀವ ಉಳಿಸದ ಫಲಕ ಬರೆಯುವ ಕ್ರಮ

ಉಡುಪಿ ಜಿಲ್ಲೆಯ ಬಸ್‌ಸ್ಟ್ಯಾಂಡು, ಕಡಲತೀರ, ಕಚೇರಿಗಳಲ್ಲಿ ತೂಗುಹಾಕಲು ಸಿ.ಪಿ.ಆರ್. ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ನಿಮ್ಮ ಪಾಲಿಗೆ ಬಂದಿದೆಯೆಂದು ಇಟ್ಟುಕೊಳ್ಳಿ. ಗಾಬರಿ ಬೇಡ. ಮೊದಲಿಗೆ, ಇದನ್ನು ಓದುವವರು ಯಾರು ಎಂಬುದನ್ನು ಮರೆತುಬಿಡಿ. ಅವನು ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಒಬ್ಬ ಕಂಡಕ್ಟರ್. ಮನೆಯಲ್ಲಿ ತುಳು, ಬಸ್ಸಿನಲ್ಲಿ ಕನ್ನಡ. ಕಣ್ಣೆದುರೇ ಒಬ್ಬರು ಕುಸಿದು ಬಿದ್ದಿದ್ದಾರೆ, ಇವನ ಕೈ ನಡುಗುತ್ತಿದೆ. ಅವನನ್ನು ನೆನೆದು ಬರೆದರೆ ವಾಕ್ಯಗಳೆಲ್ಲ ಮೂರು ಪದಕ್ಕೆ ಮುಗಿದುಹೋಗುತ್ತವೆ, ನೋಡಲು ಚೆನ್ನಾಗಿರುವುದಿಲ್ಲ. ನಿಮ್ಮ ನಿಜವಾದ ಓದುಗರು ಅನುಮೋದನಾ ಸಮಿತಿಯವರು. ಅವರು ಫ್ಯಾನಿನ ಕೆಳಗೆ ಕೂತು ಓದುತ್ತಾರೆ, ಚಹಾ ಬಂದಿರುತ್ತದೆ, ಅವರೆಲ್ಲರ ಹೃದಯ ಸರಿಯಾಗಿಯೇ ಬಡಿಯುತ್ತಿರುತ್ತದೆ.

ತಲೆಬರಹದಿಂದ ಆರಂಭಿಸಿ. ‘ಎದೆ ಒತ್ತಿ, ಜೀವ ಉಳಿಸಿ’ ಎಂದು ಬರೆಯಬೇಡಿ, ಅದು ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ‘ಹೃದಯ-ಶ್ವಾಸಕೋಶ ಪುನಶ್ಚೇತನ ವಿಧಾನ’ ಎಂದು ಬರೆಯಿರಿ. ಅದರ ಕೆಳಗೆ ಮೊದಲ ವಾಕ್ಯವನ್ನು ಹೀಗೆ ಕಟ್ಟಿ: ‘ಪ್ರತಿಕ್ರಿಯಿಸದಿರುವ ಹಾಗೂ ಸಹಜವಾಗಿ ಉಸಿರಾಡದಿರುವ ವ್ಯಕ್ತಿಯನ್ನು ಸಮತಟ್ಟಾದ ಗಟ್ಟಿ ಮೇಲ್ಮೈಯ ಮೇಲೆ ಅಂಗಾತ ಮಲಗಿಸಿ ಆತನ ಉರೋಸ್ಥಿಯ ಕೆಳಾರ್ಧಭಾಗದ ಮೇಲೆ ನಿಯತವಾದ ಸಂಕೋಚನಗಳನ್ನು ನೀಡತಕ್ಕದ್ದು.’ ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಿಮಗೆ ದೊಡ್ಡ ಅನುಕೂಲವಿದೆ. ಏನು ಮಾಡಬೇಕು ಎಂಬುದು ಗೊತ್ತಾಗಬೇಕಾದರೆ ಓದುವವನು ಪೂರ್ಣವಿರಾಮದ ತನಕ ಕಾಯಲೇಬೇಕು. ‘ಅಂಗಾತ ಮಲಗಿಸಿ. ಎದೆ ನಡುವೆ ಒತ್ತಿ’ ಎಂದು ತುಂಡು ಮಾಡಿದರೆ ಕೆಲಸ ಕಣ್ಣಿಗೆ ಬಿದ್ದ ಕೂಡಲೇ ಕೈ ಹೊರಟುಬಿಡುತ್ತದೆ. ಹೃದಯ ನಿಂತ ನಾಲ್ಕಾರು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳಲು ತೊಡಗುತ್ತದೆ. ಕಾರ್ಕಳದಿಂದ ಮಣಿಪಾಲದ ದೊಡ್ಡಾಸ್ಪತ್ರೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಷ್ಟರಲ್ಲಿ ಮೊದಲ ವಾಕ್ಯವನ್ನು ಆರಾಮವಾಗಿ ಎರಡು ಸಲ ಓದಬಹುದು.

ಉಸಿರಿನ ವಿಷಯದಲ್ಲಿ ‘ಉಸಿರಾಟವನ್ನು ಪರೀಕ್ಷಿಸಿ’ ಎಂದಷ್ಟೇ ಬರೆದು ನಿಲ್ಲಿಸಿ. ಹೃದಯ ನಿಂತವರಲ್ಲಿ ಹಲವರು ಮೊದಲ ಕೆಲವು ನಿಮಿಷ, ನೀರಿನಿಂದ ತೆಗೆದ ಮೀನಿನ ಹಾಗೆ, ಆಗೊಮ್ಮೆ ಈಗೊಮ್ಮೆ ಬಾಯಿ ಬಿಟ್ಟು ಗೊರಕೆಯಂಥ ಸದ್ದು ಮಾಡುತ್ತಾರೆ. ನಮ್ಮ ಅಜ್ಜಿಯಂದಿರು ಅದನ್ನು ಮೇಲುಸಿರು ಎನ್ನುತ್ತಿದ್ದರು. ಅದು ಉಸಿರಾಟವಲ್ಲ, ಒತ್ತಲು ಶುರುಮಾಡಿ ಎಂಬ ಸೂಚನೆ. ಆದರೆ ‘ಮೇಲುಸಿರು’ ಎಂಬ ಆ ಮನೆಮಾತು ಫಲಕದ ಮೇಲೆ ಬರದಂತೆ ನೋಡಿಕೊಳ್ಳಿ. ಬಂದರೆ ಗುಂಪಿನಲ್ಲಿ ಯಾರಾದರೂ ಗುರುತಿಸಿಬಿಡುತ್ತಾರೆ. ಬರದಿದ್ದರೆ ಎಲ್ಲ ಸರಾಗ. ಒಬ್ಬರು ಬಗ್ಗಿ ನೋಡಿ “ಉಸಿರು ಉಂಟು ಮಾರಾಯ್ರೆ, ಉಸಿರು ಉಂಟು!” ಎನ್ನುತ್ತಾರೆ; ಇನ್ನೊಬ್ಬರು ಸೋಡಾ ತರಿಸುತ್ತಾರೆ. ಹೃದಯ ನಿಂತ ಕ್ಷಣದಲ್ಲಿ ಕೈಕಾಲು ಸ್ವಲ್ಪ ಹೊತ್ತು ಅದುರುವುದೂ ಇದೆಯಾದ್ದರಿಂದ, ಮೂರನೆಯವರು ಫಿಟ್ಸ್ ಎಂದು ತೀರ್ಮಾನಿಸಿ ಕೀ ಗೊಂಚಲನ್ನು ಅಂಗೈಗೆ ತುರುಕುತ್ತಾರೆ. ನಿಮ್ಮ ಫಲಕ ಇವರಲ್ಲಿ ಯಾರನ್ನೂ ನೋಯಿಸಬಾರದು.

‘ಯಾರಾದರೂ 108ಕ್ಕೆ ಕರೆ ಮಾಡಿ’ ಎಂದು ಖಂಡಿತ ಸೇರಿಸಿ. ಆ ‘ಯಾರಾದರೂ’ ಎಂಬ ಪದವನ್ನು ಬಿಡಬೇಡಿ. ನೆರೆದ ಹತ್ತು ಜನವೂ ಉಳಿದ ಒಂಬತ್ತು ಜನರಲ್ಲಿ ಒಬ್ಬರು ಮಾಡಿರುತ್ತಾರೆಂದು ನಂಬುವುದಕ್ಕೆ ಆ ಒಂದು ಪದ ಸಾಕು. ‘ಒಬ್ಬರನ್ನು ಕೈ ತೋರಿಸಿ ಕರೆಯಿರಿ: ನೀಲಿ ಅಂಗಿಯವರೇ, ನೀವು 108ಕ್ಕೆ ಫೋನ್ ಮಾಡಿ’ ಎಂದು ಬರೆಯುವುದು ಶಿಷ್ಟಾಚಾರಕ್ಕೆ ವಿರುದ್ಧ.

ಈಗ ಕೈಗೆ ಬನ್ನಿ. ಇಲ್ಲಿ ನಿಘಂಟನ್ನು ಬಿಟ್ಟು ಕದಲಬೇಡಿ. ಅಂಗೈಯಲ್ಲಿ ಮಣಿಕಟ್ಟಿಗೆ ತಾಗಿದ ಗಟ್ಟಿ ಬುಡವಿದೆಯಲ್ಲ, ಒತ್ತಬೇಕಾದದ್ದು ಅದರಿಂದ. ಇಂಗ್ಲಿಷಿನವರು ಅದನ್ನು ಕೈಯ ಹಿಮ್ಮಡಿ ಎನ್ನುತ್ತಾರೆ. ನೀವೂ ಹಾಗೆಯೇ ಬರೆಯಿರಿ: ‘ಹಿಮ್ಮಡಿಯನ್ನು ಎದೆಯ ಮೇಲಿಡಿ.’ ಓದಿದವನು ಚಪ್ಪಲಿ ಬಿಚ್ಚಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸುತ್ತಾನೆ, ಯೋಚಿಸಲಿ. ‘ಅಂಗೈಯ ಬುಡ’ ಎಂದರೆ ಸಲೀಸಾಗಿ ತಿಳಿಯುತ್ತದೆ ಎಂಬುದೇ ಅದರ ದೋಷ.

ಎಲ್ಲಿ ಒತ್ತಬೇಕು ಎಂಬುದಕ್ಕೆ ‘ಹೃದಯದ ಮೇಲೆ’ ಎಂದುಬಿಡಿ. ಹೃದಯ ಎಡಗಡೆ ಇದೆಯೆಂದು ಸಿನಿಮಾ ನೋಡಿದವರೆಲ್ಲ ಬಲ್ಲರು. ಎಲ್ಲರೂ ಎಡಪಕ್ಕೆಯನ್ನೇ ಒತ್ತುತ್ತಾರೆ. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒತ್ತಿದರೆ ಹೃದಯವು ಮುಂದಿನ ಮೂಳೆಗೂ ಹಿಂದಿನ ಬೆನ್ನುಮೂಳೆಯ ಕಂಬಕ್ಕೂ ನಡುವೆ ಸಿಕ್ಕಿ ರಕ್ತ ಮುಂದೆ ಹೋಗುತ್ತದೆ. ಪಕ್ಕೆ ಒತ್ತಿದರೆ ಪಕ್ಕೆಲುಬು ಮಾತ್ರ ಬಾಗುತ್ತದೆ. ಆಳಕ್ಕೆ ‘5ರಿಂದ 6 ಸೆಂಟಿಮೀಟರ್’ ಎಂದು ಅಳತೆ ಕೊಟ್ಟು, ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ‘ಪಕ್ಕೆಲುಬು ಮುರಿಯುವ ಸಂಭವವಿದೆ, ಎಚ್ಚರ’ ಎಂದು ಹಾಕಿ. ಮುರಿದರೂ ನಿಲ್ಲಿಸಬಾರದು ಎಂಬ ಮುಂದಿನ ಮಾತಿಗೆ ಜಾಗ ಸಾಲಲಿಲ್ಲ ಎಂದು ಹೇಳಿ. ಎರಡಿಂಚು ತಗ್ಗಬೇಕಾದ ಎದೆ ಅರ್ಧ ಇಂಚು ತಗ್ಗುತ್ತದೆ, ಬಟ್ಟೆ ಇಸ್ತ್ರಿ ಕೆಡುವುದಿಲ್ಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಇಲ್ಲದಿದ್ದರೆ ಹೃದಯಕ್ಕೆ ಮತ್ತೆ ರಕ್ತ ತುಂಬುವುದಿಲ್ಲ ಎಂಬ ಮಾತನ್ನು ‘ಪೂರ್ಣ ಪ್ರತ್ಯಾಗಮನಕ್ಕೆ ಅವಕಾಶ’ ಎಂದು ಅನುವಾದಿಸಿ. ಅದು ಮಂಗಳೂರು ರೈಲಿನ ವೇಳಾಪಟ್ಟಿಯೆಂದು ಜನ ತಿಳಿಯಲಿ.

ಎಣಿಕೆಯಲ್ಲಿ ನಿಮ್ಮ ಕನ್ನಡಾಭಿಮಾನ ಸಾರ್ಥಕವಾಗುತ್ತದೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅಂದರೆ ಒಂದೊಂದು ಒತ್ತಿಗೆ ಅರ್ಧ ಸೆಕೆಂಡು, ಹೆಚ್ಚೆಂದರೆ ಅದಕ್ಕಿಂತ ಒಂದು ಕೂದಲೆಳೆ ಮೇಲೆ. ‘ಒಂದರಿಂದ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸುತ್ತ ಒತ್ತಿ’ ಎಂದು ಬರೆಯಿರಿ. ಒಂದು, ಎರಡು, ಮೂರು ಎನ್ನುವಾಗ ಕೈ ಬಾಯಿ ಜೊತೆಗೇ ಹೋಗುತ್ತವೆ. ಹದಿಮೂರು, ಹದಿನಾಲ್ಕು ಎನ್ನುವಾಗ ಬಾಯಿ ಹಿಂದೆ ಬೀಳುತ್ತದೆ. ‘ಇಪ್ಪತ್ತೊಂಬತ್ತು’ ಎಂಬುದಕ್ಕೆ ಐದಕ್ಷರ, ಅದರಲ್ಲಿ ಮೂರು ಒತ್ತಕ್ಷರ. ಅದನ್ನು ಅರ್ಧ ಸೆಕೆಂಡಿನಲ್ಲಿ ಹೇಳಲು ಯಕ್ಷಗಾನದ ಭಾಗವತರಿಗೂ ಕಷ್ಟ. ಆದ್ದರಿಂದ ಕೈ ಬಾಯಿಗಾಗಿ ಕಾಯುತ್ತದೆ, ಇಪ್ಪತ್ತರಾಚೆ ವೇಗ ಇಳಿಯುತ್ತದೆ. ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಹೀಗೆ ಮೂರು ಸಲ ಎಂದು ಯಾವನಾದರೂ ಸಲಹೆ ಕೊಟ್ಟರೆ ಅವನನ್ನು ಉಪಸಮಿತಿಗೆ ಹಾಕಿ.

ಇನ್ನು ಬಾಯಿಯಿಂದ ಬಾಯಿಗೆ ಉಸಿರು. ತರಬೇತಿಯಿಲ್ಲದ ಜನಸಾಮಾನ್ಯರು ಕುಸಿದುಬಿದ್ದ ದೊಡ್ಡವರಿಗೆ ಎದೆ ಒತ್ತಿದರಷ್ಟೇ ಸಾಕು, ಉಸಿರು ಕೊಡುವ ಗೊಡವೆ ಬೇಡ ಎಂದು ದೇಶದ ಅರಿವಳಿಕೆ ತಜ್ಞರು 2017ರಲ್ಲೇ ಮಾರ್ಗಸೂಚಿ ಹೊರಡಿಸಿದ್ದಾರೆ. ಕಾರ್ಕಳದ ಫಲಕಕ್ಕೆ ಇದು ಬೇಕಾದಷ್ಟಾಯಿತು. ನೀವು ಮಾತ್ರ ಪರಿಪೂರ್ಣತೆಗಾಗಿ ಉಸಿರಿನ ಇಡೀ ಅಧ್ಯಾಯವನ್ನು ಅಲ್ಲಿ ಸೇರಿಸಿ. ಅಪರಿಚಿತರ ಬಾಯಿಗೆ ಬಾಯಿ ಇಡಬೇಕೆಂದು ಓದಿದವನು ಎದೆ ಮುಟ್ಟುವ ಯೋಚನೆಯನ್ನೂ ಕೈಬಿಟ್ಟು ಆಂಬುಲೆನ್ಸ್ ಬರುವ ದಾರಿ ನೋಡುತ್ತ ನಿಲ್ಲುತ್ತಾನೆ.

ಕಾಪುವಿನ ಕಡಲತೀರಕ್ಕೆ ಬಂದಾಗ ಇದನ್ನು ತಿರುಗಿಸಿ. ದೀಪಸ್ತಂಭದ ಬುಡದಲ್ಲಿ ಅಲೆಗೆ ಸಿಕ್ಕಿದ ಹುಡುಗನನ್ನು ಮೇಲೆ ತಂದಿದ್ದಾರೆನ್ನಿ. ಅವನ ಹೃದಯ ತಾನಾಗಿ ಕೆಟ್ಟು ನಿಂತದ್ದಲ್ಲ, ಗಾಳಿ ಸಿಗದೆ ನಿಂತದ್ದು. ರಕ್ತದಲ್ಲಿ ಪ್ರಾಣವಾಯು ಮುಗಿದಿದೆ. ಬರೀ ಎದೆ ಒತ್ತಿದರೆ ಖಾಲಿ ರಕ್ತ ಸುತ್ತು ಹೊಡೆಯುತ್ತದೆ. ಮುಳುಗಿದವರಿಗೆ ಮೊದಲು ಉಸಿರು, ಆಮೇಲೆ ಮೂವತ್ತು ಒತ್ತು ಎರಡು ಉಸಿರು. ಆದ್ದರಿಂದ ಇಲ್ಲಿ ಕಾರ್ಕಳಕ್ಕೆಂದು ಮಾಡಿದ ‘ಎದೆ ಒತ್ತಿದರೆ ಸಾಕು’ ಫಲಕವನ್ನೇ ತೂಗುಹಾಕಿ. ಒಂದೇ ಅಚ್ಚಿನಲ್ಲಿ ಹೊಡೆಸಿದರೆ ದರವೂ ಕಡಿಮೆ.

ಉಸಿರಿನ ಸೂಚನೆ ಬರೆಯಲೇಬೇಕಾಗಿ ಬಂದರೆ ‘ಎರಡು ಬಾರಿ ಉಸಿರಾಡಿ’ ಎಂದು ಬರೆಯಿರಿ. ಓದಿದವನು ತಾನೇ ಎರಡು ಸಲ ದೀರ್ಘವಾಗಿ ಉಸಿರಾಡಿಕೊಂಡು ಹಗುರಾಗುತ್ತಾನೆ. ‘ಮೂಗು ಹಿಡಿದು ಮುಚ್ಚಿ. ಅವರ ಬಾಯಿಯನ್ನು ನಿಮ್ಮ ಬಾಯಿಯಿಂದ ಪೂರ್ತಿ ಮುಚ್ಚಿ. ಒಂದು ಸೆಕೆಂಡು ಊದಿ. ಎದೆ ಮೇಲೇಳುವುದನ್ನು ನೋಡಿ’ ಎಂಬ ಕ್ರಮದಲ್ಲಿ ಬರೆದರೆ ಓದುವವನಿಗೆ ಊದಿದ ಗಾಳಿ ಒಳಗೆ ಹೋಯಿತೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಎದೆ ಏಳದಿದ್ದರೆ ತಲೆಯನ್ನು ಇನ್ನೊಮ್ಮೆ ಹಿಂದಕ್ಕೆ ವಾಲಿಸಬೇಕು, ನಾಲಿಗೆಯ ಬುಡ ದಾರಿಗೆ ಅಡ್ಡವಾಗಿರುತ್ತದೆ. ಇದಕ್ಕೂ ಉಪಾಯವಿದೆ: ‘ಗಲ್ಲವನ್ನು ಮೇಲೆತ್ತಿ’ ಎನ್ನಿ. ಗಲ್ಲವೆಂದರೆ ಕೆಲವು ಕಡೆ ಗದ್ದ, ಕೆಲವು ಕಡೆ ಕೆನ್ನೆ. ಕಾಪುವಿಗೆ ರಜೆಯಲ್ಲಿ ಬರುವ ಹುಬ್ಬಳ್ಳಿಯವರು ಹುಡುಗನ ಕೆನ್ನೆ ಹಿಡಿದೆತ್ತಲಿ. ಹೊಟ್ಟೆ ಒತ್ತಿ ನೀರು ಕಕ್ಕಿಸಬೇಡಿ, ತಲೆಕೆಳಗು ಮಾಡಬೇಡಿ ಎಂಬ ಸಾಲನ್ನಂತೂ ಸೇರಿಸಲೇಬೇಡಿ. ತೀರದಲ್ಲಿರುವ ಹಿರಿಯರು ತಲೆತಲಾಂತರದಿಂದ ಹಾಗೆಯೇ ಮಾಡುತ್ತ ಬಂದಿದ್ದಾರೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಅವರಿಗೆ ಹೇಳಲು ನೀವು ಯಾರು?

ಕೊನೆಯಲ್ಲಿ ಪರೀಕ್ಷೆ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ, ಒತ್ತುವ ಗೊಂಬೆಗಳಿಗೆ ಬರವಿಲ್ಲ ಎಂದು ಯಾರಾದರೂ ನೆನಪಿಸಬಹುದು. ಉಡುಪಿಯ ಆಟೊ ಸ್ಟ್ಯಾಂಡಿನಿಂದ ಫಲಕವನ್ನು ಎಂದೂ ನೋಡದ ನಾಲ್ವರನ್ನು ಕರೆತಂದು, ಗೊಂಬೆಯ ಮುಂದೆ ಕೂರಿಸಿ, ಫಲಕ ಕೈಗೆ ಕೊಟ್ಟು ಸುಮ್ಮನಿರಿ, ಮೊದಲ ಒತ್ತು ಬೀಳಲು ಎಷ್ಟು ಸೆಕೆಂಡು ಹಿಡಿಯಿತು, ಕೈ ಎಲ್ಲಿ ಕೂತಿತು, ಓದುತ್ತ ಎಲ್ಲಿ ತಡವರಿಸಿದರು ಎಂದು ಬರೆದಿಟ್ಟುಕೊಳ್ಳಿ ಎನ್ನಬಹುದು. ಅಂಥ ಪರೀಕ್ಷೆಗೆ ಒಪ್ಪಬೇಡಿ. ನಾಲ್ವರಲ್ಲಿ ಒಬ್ಬ ಹಿಮ್ಮಡಿ ಎತ್ತಿದರೂ ನಿಮ್ಮ ಆರು ವಾರದ ಕೆಲಸ ಹಾಳು.

ಬದಲಿಗೆ ಮರುಅನುವಾದ ಮಾಡಿಸಿ. ಇಂಗ್ಲಿಷ್ ಮೂಲ ನೋಡದ ಇನ್ನೊಬ್ಬ ಪಂಡಿತರಿಗೆ ನಿಮ್ಮ ಕನ್ನಡವನ್ನು ಕೊಟ್ಟು ತಿರುಗಿ ಇಂಗ್ಲಿಷ್ ಮಾಡಲು ಹೇಳಿ. ಕೈಯ ಹಿಮ್ಮಡಿ ತಪ್ಪದೆ ತನ್ನ ಇಂಗ್ಲಿಷ್ ಮನೆಗೆ ಮರಳುತ್ತದೆ, ಪ್ರತ್ಯಾಗಮನವೂ ಮರಳುತ್ತದೆ, ಸಂಕೋಚನಗಳೂ ಮರಳುತ್ತವೆ. ಮೂಲಕ್ಕೂ ಮರುಅನುವಾದಕ್ಕೂ ಕೂದಲಷ್ಟೂ ವ್ಯತ್ಯಾಸ ಕಾಣುವುದಿಲ್ಲ. ‘ಅಂಗೈಯ ಬುಡ’ ಎಂದು ಬರೆದಿದ್ದವರೇ ಇಲ್ಲಿ ಸಿಕ್ಕಿಬೀಳುತ್ತಾರೆ, ನೀವಲ್ಲ. ಎರಡೂ ಪ್ರತಿಗಳನ್ನು ಅಕ್ಕಪಕ್ಕ ಪಿನ್ ಮಾಡಿ, ‘ಅನುವಾದ ನಿಖರವಾಗಿದೆ’ ಎಂಬ ಅಂಕಣದಲ್ಲಿ ಸಹಿ ಪಡೆಯಿರಿ, ಅಚ್ಚಿಗೆ ಕಳಿಸಿ. ಬಿಲ್ಲನ್ನು ಅದೇ ದಿನ ಸಲ್ಲಿಸಲು ಮರೆಯಬೇಡಿ.